ವಿದೇಶದ ಬಿಲ್ಲಿನಲ್ಲಿ 02/03/25 ಎಂದಿದ್ದರೆ ಅದು ಯಾವ ತಾರೀಖು?

ಟೊರಾಂಟೊದ ಒಂದು ರೆಸ್ಟೊರೆಂಟಿನ ಬಿಲ್ಲು. ಮೇಲ್ಗಡೆ 02/03/25, ರಾತ್ರಿ 8:15 ಎಂದು ಅಚ್ಚಾಗಿದೆ ಅಂದುಕೊಳ್ಳಿ. ನಮ್ಮ ಕಣ್ಣಿಗೆ ಅದು ಮಾರ್ಚ್ 2. ಅಮೆರಿಕದವರ ಕಣ್ಣಿಗೆ ಫೆಬ್ರುವರಿ 3. ಆದರೆ ಬಿಲ್ಲು ಕೆನಡಾದ್ದು. ಅಲ್ಲಿ ಎರಡು ರೀತಿಯಲ್ಲೂ ಬರೆಯುತ್ತಾರೆ. ಸಾಲದ್ದಕ್ಕೆ ವರ್ಷವನ್ನೇ ಮೊದಲು ಬರೆಯುವವರೂ ಇದ್ದಾರೆ.

ಆನ್‌ಸೈಟ್ ಕೆಲಸಕ್ಕೆ ಹೋಗಿ ಬಂದವರ ಖರ್ಚಿನ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಇಂಥ ಬಿಲ್ಲು ಟೇಬಲ್ಲಿಗೆ ಬರದ ವಾರವೇ ಇಲ್ಲ. ತಾರೀಖು ತಿರುಗಾಮುರುಗಾ ಆದರೆ ವಿನಿಮಯ ದರ ಬೇರೆ ದಿನದ್ದು ಬೀಳುತ್ತದೆ. ಪ್ರಯಾಣಕ್ಕೆ ಮುಂಚೆಯೇ ಊಟ ಮಾಡಿದ ಹಾಗೆ ಕಾಣುತ್ತದೆ. ಒಂದೇ ಖರ್ಚನ್ನು ಎರಡು ಸಲ ಕೇಳಿದಂತೆಯೂ ಕಾಣಬಹುದು. ಕ್ಲೇಮು ವಾಪಸ್ ಬರುತ್ತದೆ, ಮತ್ತೆ ಮೇಲು, ಮತ್ತೆ ವಿವರಣೆ.

ಹೆಚ್ಚಿನವರು ಮಾಡುವುದು ಒಂದೇ: ದೇಶ ನೋಡಿ ಊಹಿಸುತ್ತಾರೆ. ನಾನು ಹೇಳುವುದು ಬೇರೆ. ಎರಡು ತಾರೀಖನ್ನೂ ಅಕ್ಷರದಲ್ಲಿ ಬರೆದುಕೊಳ್ಳಿ. ಆಮೇಲೆ ಸಾಕ್ಷಿ ಹುಡುಕಿ ಅದರಲ್ಲಿ ಒಂದನ್ನು ಹೊಡೆದುಹಾಕಿ. ಮೇಲಿನ ಬಿಲ್ಲನ್ನೇ ಇಟ್ಟುಕೊಂಡು ಇದನ್ನು ಕೊನೆಯವರೆಗೆ ಮಾಡೋಣ.

ಮೊದಲು: ಅನುಮಾನದ ಬಿಲ್ಲು ಬೇರೆ ಮಾಡಿ

ಎಲ್ಲ ಬಿಲ್ಲಿಗೂ ಈ ತಲೆನೋವು ಇಲ್ಲ. ವರ್ಷವನ್ನು ಬಿಟ್ಟು ಉಳಿದ ಎರಡು ಅಂಕಿಗಳಲ್ಲಿ ಒಂದು 12ಕ್ಕಿಂತ ಜಾಸ್ತಿ ಇದ್ದರೆ ಅದೇ ದಿನ. 02/14 ಅಂದರೆ ಫೆಬ್ರುವರಿ 14, ಬೇರೆ ದಾರಿಯೇ ಇಲ್ಲ. ಎರಡೂ ಒಂದೇ ಆಗಿದ್ದರೂ ಚಿಂತೆಯಿಲ್ಲ, 03/03 ಹೇಗೆ ಓದಿದರೂ ಮಾರ್ಚ್ 3. ಉಳಿಯುವುದು ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ 11. ವರ್ಷಕ್ಕೆ 132 ದಿನ. ಅಂದರೆ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ಒಂದು ಎಚ್ಚರ. ವರ್ಷ ಎರಡೇ ಅಂಕಿಯಲ್ಲಿದ್ದರೆ ಅದೂ ದಿನದ ವೇಷ ಹಾಕಬಹುದು. 25/02/03 ಎಂದಿದ್ದರೆ ನಮ್ಮವರು '25ನೇ ತಾರೀಖು' ಎಂದು ಥಟ್ಟನೆ ಓದುತ್ತಾರೆ. ಹಾಗೆ ಓದಿದರೆ ವರ್ಷ 2003 ಆಗುತ್ತದೆ! ಅದು 2025ರ ಫೆಬ್ರುವರಿ 3. ವರ್ಷ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ, ದಿನ ತಿಂಗಳ ಗೊಡವೆ ಆಮೇಲೆ. ವರ್ಷ ಮೊದಲು ಇದ್ದರೆ ಅದರ ಹಿಂದೆ ತಿಂಗಳು, ಕೊನೆಗೆ ದಿನ ಎಂದು ಓದಿದರೆ ಹೆಚ್ಚುಕಡಿಮೆ ಯಾವಾಗಲೂ ಸರಿಯಾಗುತ್ತದೆ.

ನಮ್ಮ ಬಿಲ್ಲಿನಲ್ಲಿ 25 ಕೊನೆಗಿದೆ, ಅದು ವರ್ಷ. ಉಳಿದದ್ದು 02 ಮತ್ತು 03. ಚೀಟಿಯಲ್ಲಿ ಬರೆದುಕೊಳ್ಳಿ: ಫೆಬ್ರುವರಿ 3, ಮಾರ್ಚ್ 2.

ದೇಶದ ರೂಢಿ ಎಷ್ಟು ಹೇಳುತ್ತದೆ

ಭಾರತ, ಬ್ರಿಟನ್, ಸಿಂಗಾಪುರ, ಆಸ್ಟ್ರೇಲಿಯಾ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ದಿನ ಮೊದಲು. ಜರ್ಮನಿಯಲ್ಲಿ ನಡುವೆ ಚುಕ್ಕೆ ಇರುತ್ತದೆ, 03.02.2025 ಎಂದು. ಅಮೆರಿಕದಲ್ಲಿ ತಿಂಗಳು ಮೊದಲು. ಅಂಕಿಯಲ್ಲಿ ಬರೆಯುವಾಗ ಫಿಲಿಪ್ಪೀನ್ಸ್ ಕೂಡ ಸಾಮಾನ್ಯವಾಗಿ ಅಮೆರಿಕದ ದಾರಿ. ಚೀನಾ, ಜಪಾನ್, ಕೊರಿಯಾ, ಸ್ವೀಡನ್, ಹಂಗೇರಿಗಳಲ್ಲಿ ವರ್ಷ ಮೊದಲು.

ಥಾಯ್ಲೆಂಡ್ ಬಿಲ್ಲಿನಲ್ಲಿ 2568 ಎಂದು ಕಂಡರೆ ಗಾಬರಿ ಬೇಡ, ಅದು ಬೌದ್ಧ ವರ್ಷ. 543 ಕಳೆದರೆ 2025. ಜಪಾನಿನಲ್ಲಿ ಕೆಲವೊಮ್ಮೆ ರೇವಾ ವರ್ಷ ಹಾಕುತ್ತಾರೆ. ರೇವಾ 7 ಅಂದರೆ 7ಕ್ಕೆ 2018 ಸೇರಿಸಿ, 2025.

ಕೆನಡಾದ ಕಥೆ ಬೇರೆ. ಬ್ರಿಟನ್ನಿನಿಂದ ಬಂದ ದಿನ ಮೊದಲಿನ ಅಭ್ಯಾಸವಿದೆ, ಪಕ್ಕದ ಅಮೆರಿಕದಿಂದ ಬಂದ ತಿಂಗಳು ಮೊದಲಿನ ಅಭ್ಯಾಸವಿದೆ, ಸರ್ಕಾರ ಮಾತ್ರ ವರ್ಷ ಮೊದಲು ಬರೆಯಿರಿ ಎನ್ನುತ್ತದೆ. ಮೂರೂ ಒಂದೇ ಬೀದಿಯಲ್ಲಿ ಸಿಗುತ್ತವೆ.

ಈ ಪಟ್ಟಿಯನ್ನು ತೀರ್ಪು ಎಂದುಕೊಳ್ಳಬೇಡಿ, ಬರೀ ಸುಳಿವು. ತಾರೀಖನ್ನು ಅಚ್ಚು ಹಾಕುವುದು ದೇಶ ಅಲ್ಲ, ಮೆಷೀನು. ಅಮೆರಿಕದಲ್ಲಿ ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರನ್ನು ಸೆಟ್ಟಿಂಗ್ ಬದಲಿಸದೆ ಬೇರೆ ದೇಶದ ಅಂಗಡಿಯಲ್ಲಿ ಕೂರಿಸಿದರೆ ಅಲ್ಲೂ ತಿಂಗಳೇ ಮೊದಲು ಬರುತ್ತದೆ. ಅಮೆರಿಕದ ಕಂಪನಿ ಬೆಂಗಳೂರಿನ ಗಿರಾಕಿಗೆ ಮೇಲಿನಲ್ಲಿ ಕಳಿಸುವ ಇನ್‌ವಾಯ್ಸಿನಲ್ಲೂ ಅಷ್ಟೇ.

ಬಿಲ್ಲಿನ ಒಳಗೇ ಇರುವ ಸಾಕ್ಷಿ

ಬಿಲ್ಲನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ಓದಿ. ಎಷ್ಟೋ ಬಿಲ್ಲುಗಳಲ್ಲಿ ತಾರೀಖು ಎರಡು ಕಡೆ ಇರುತ್ತದೆ. ಮೇಲೆ ಅಂಗಡಿಯ ಬಿಲ್ಲಿಂಗ್ ಮೆಷೀನಿನದು, ಕೆಳಗೆ ಕಾರ್ಡ್ ಸ್ವೈಪ್ ಮಾಡಿದ ಮೆಷೀನಿನದು. ಎರಡೂ ಬೇರೆ ಬೇರೆ ಕಂಪನಿಯ ಮೆಷೀನುಗಳಾಗಿದ್ದರೆ ತಾರೀಖಿನ ಕ್ರಮವೂ ಬೇರೆ ಇರಬಹುದು. ಮೇಲೆ 02/03/25, ಕೆಳಗೆ 2025/02/03 ಎಂದಿದ್ದರೆ ಜನ ಗೊಂದಲವಾಯಿತು ಅನ್ನುತ್ತಾರೆ. ನಿಜವಾಗಿ ಅಲ್ಲಿಗೆ ಗೊಂದಲ ಮುಗಿಯಿತು. ಎರಡೂ ಫೆಬ್ರುವರಿ 3 ಎಂದರೆ ಮಾತ್ರ ಒಂದಕ್ಕೊಂದು ತಾಳೆಯಾಗುತ್ತವೆ.

ಕೆಳಭಾಗದಲ್ಲಿ 'ಇಂಥ ದಿನದೊಳಗೆ ವಾಪಸ್ ಕೊಡಬಹುದು' ಎಂಬ ಸಾಲೂ ಇರಬಹುದು. 30 ದಿನ ಎಂದು ಬರೆದು ಕೊನೆಯ ತಾರೀಖು 03/05/25 ಎಂದು ಕೊಟ್ಟಿದ್ದರೆ ಲೆಕ್ಕ ಹಾಕಿ. 2025ರ ಫೆಬ್ರುವರಿ 3ಕ್ಕೆ 30 ದಿನ ಸೇರಿಸಿದರೆ ಮಾರ್ಚ್ 5. ಕೂಡಿಬಂತು. ಮಾರ್ಚ್ 2ಕ್ಕೆ ಸೇರಿಸಿದರೆ ಏಪ್ರಿಲ್ 1, ಕೂಡಿಬರಲಿಲ್ಲ.

ಲಾಡ್ಜಿನ ಬಿಲ್ಲು ಇನ್ನೂ ಸುಲಭ. ಒಂದೊಂದು ರಾತ್ರಿಗೂ ಒಂದೊಂದು ಸಾಲು ಇರುತ್ತದೆ: 02/03, 02/04, 02/05. ಸಾಲಿನಿಂದ ಸಾಲಿಗೆ ಏರುವ ಅಂಕಿ ಯಾವುದೋ ಅದೇ ದಿನ. ಅಲುಗಾಡದೆ ನಿಂತದ್ದು ತಿಂಗಳು. ವಿಮಾನದ ಟಿಕೆಟ್ಟಿನಲ್ಲಂತೂ 03FEB25 ಎಂದು ತಿಂಗಳನ್ನು ಅಕ್ಷರದಲ್ಲೇ ಹಾಕುವ ಪದ್ಧತಿ ಇದೆ, ಅದಕ್ಕೆ ಯಾರೂ ಜಗಳ ಆಡುವುದಿಲ್ಲ.

ಅದೇ ಅಂಗಡಿಯ ಇನ್ನೊಂದು ಬಿಲ್ಲು ಜೇಬಿನಲ್ಲಿದೆಯಾ ನೋಡಿ. ಅದರಲ್ಲಿ 02/21/25 ಎಂದಿದ್ದರೆ ಆ ಮೆಷೀನು ತಿಂಗಳನ್ನು ಮೊದಲು ಹಾಕುತ್ತದೆ ಎಂದು ಗೊತ್ತಾಯಿತು. ಆ ಅಂಗಡಿಯ ಮಿಕ್ಕ ಬಿಲ್ಲುಗಳೂ ಅದೇ ಕ್ರಮ. ಆಫೀಸಿನ ಕೆಳಗಿನ ಕಾಫಿ ಅಂಗಡಿಯಂಥ, ದಿನಾ ಹೋಗುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಅದೇ ಹೆಸರಿನ ಬೇರೆ ಊರಿನ ಶಾಖೆಗೆ ಈ ತರ್ಕ ಹಾಕಬೇಡಿ, ಬೇರೆ ದೇಶದ ಶಾಖೆಗಂತೂ ಬೇಡವೇ ಬೇಡ.

ತೆರಿಗೆಯೂ ತಾರೀಖು ಹೇಳುತ್ತದೆ

ಇದನ್ನು ಬಹಳ ಜನ ನೋಡುವುದೇ ಇಲ್ಲ. ತೆರಿಗೆಯ ದರ ಬದಲಾಗುವುದು ಒಂದು ಗೊತ್ತಾದ ದಿನ. ನಿಮ್ಮ ಎರಡು ತಾರೀಖುಗಳು ಆ ದಿನದ ಆಚೆಗೊಂದು ಈಚೆಗೊಂದು ಬಿದ್ದರೆ ಬಿಲ್ಲಿನ ತೆರಿಗೆ ಸಾಲೇ ಸಾಕ್ಷಿ ಹೇಳುತ್ತದೆ.

ಟೊರಾಂಟೊ ಇರುವ ಒಂಟಾರಿಯೊದಲ್ಲಿ ರೆಸ್ಟೊರೆಂಟಿನ ಊಟಕ್ಕೆ ಸಾಮಾನ್ಯವಾಗಿ 13% ಎಚ್‌ಎಸ್‌ಟಿ. ಆದರೆ 2024ರ ಡಿಸೆಂಬರ್ 14ರಿಂದ 2025ರ ಫೆಬ್ರುವರಿ 15ರವರೆಗೆ ಕೆನಡಾ ಸರ್ಕಾರ ರೆಸ್ಟೊರೆಂಟ್ ಊಟ, ಮಕ್ಕಳ ಬಟ್ಟೆ, ಆಟಿಕೆ ಮುಂತಾದ ಕೆಲವಕ್ಕೆ ಈ ತೆರಿಗೆಗೆ ರಜೆ ಕೊಟ್ಟಿತ್ತು. ನಮ್ಮ ಬಿಲ್ಲಿನಲ್ಲಿ ಊಟಕ್ಕೆ 27.00 ಡಾಲರ್, ಎಚ್‌ಎಸ್‌ಟಿ 0.00, ಒಟ್ಟು 27.00 ಎಂದಿದೆ ಅನ್ನಿ. ಮಾರ್ಚ್ 2ರಂದು ಊಟ ಮಾಡಿದ್ದರೆ 3.51 ಡಾಲರ್ ತೆರಿಗೆ ಸೇರಿ 30.51 ಆಗಬೇಕಿತ್ತು. ಆಗಿಲ್ಲ. ಫೆಬ್ರುವರಿ 3ರ ಕಡೆಗೆ ತಕ್ಕಡಿ ಜೋರಾಗಿ ವಾಲಿತು.

ಉಲ್ಟಾ ತರ್ಕ ಮಾತ್ರ ಅಷ್ಟು ಗಟ್ಟಿಯಲ್ಲ. ಬಿಲ್ಲಿನಲ್ಲಿ ತೆರಿಗೆ ಇದ್ದ ಮಾತ್ರಕ್ಕೆ ಅದು ಮಾರ್ಚ್ ಅಂತ ಹೇಳಲಾಗದು. ಆ ರಜೆಗೆ ಸೇರದ ಐಟಂ ಇರಬಹುದು, ಅಂಗಡಿಯವನು ಮೆಷೀನು ಬದಲಿಸದೇ ಇದ್ದಿರಬಹುದು.

ಕೆನಡಾದ್ದೇ ಇನ್ನೊಂದು: ನೋವಾ ಸ್ಕೋಶಿಯಾ ಪ್ರಾಂತ್ಯದಲ್ಲಿ 2025ರ ಏಪ್ರಿಲ್ 1ರಿಂದ ಎಚ್‌ಎಸ್‌ಟಿ 15%ನಿಂದ 14%ಗೆ ಇಳಿಯಿತು. ಹ್ಯಾಲಿಫ್ಯಾಕ್ಸಿನ ಬಿಲ್ಲಿನಲ್ಲಿ 03/04/25 ಎಂದಿದ್ದು ತೆರಿಗೆ 15% ಇದ್ದರೆ ಮಾರ್ಚ್ 4, 14% ಇದ್ದರೆ ಏಪ್ರಿಲ್ 3.

ವಾರದಿಂದ ಪರೀಕ್ಷೆ, ಅದು ಕೈಕೊಡುವ ಜಾಗ

ಬಿಲ್ಲಿನಲ್ಲಿ ವಾರದ ಹೆಸರಿದ್ದರೆ ಫೋನಿನ ಕ್ಯಾಲೆಂಡರ್ ತೆಗೆಯಿರಿ. 2025ರ ಫೆಬ್ರುವರಿ 3 ಸೋಮವಾರ, ಮಾರ್ಚ್ 2 ಭಾನುವಾರ. MON ಎಂದಿದ್ದರೆ ವಿಷಯ ಮುಗಿಯಿತು. ವಾರದ ಹೆಸರು ಇಲ್ಲದಿದ್ದರೂ ಅಡ್ಡದಾರಿ ಉಂಟು. ಭಾನುವಾರ ಬಾಗಿಲು ಹಾಕುವ ಅಂಗಡಿಯಾ? ವಾರದ ದಿನಗಳಲ್ಲಿ ಮಾತ್ರ ಸಿಗುವ ಮಧ್ಯಾಹ್ನದ ಊಟದ ಸ್ಪೆಷಲ್ಲಾ?

ಆದರೆ ಈ ಪರೀಕ್ಷೆ ಎಲ್ಲ ತಾರೀಖಿಗೂ ನಡೆಯುವುದಿಲ್ಲ. ಕೆಲವು ಜೋಡಿಗಳಲ್ಲಿ ತಿರುಗಿಸಿದರೂ ವಾರ ಒಂದೇ ಬರುತ್ತದೆ. ಮೇ 9 ಮತ್ತು ಸೆಪ್ಟೆಂಬರ್ 5 ಯಾವ ವರ್ಷದಲ್ಲಾದರೂ ಒಂದೇ ವಾರ. ಜುಲೈ 11 ಮತ್ತು ನವೆಂಬರ್ 7, ಮಾರ್ಚ್ 12 ಮತ್ತು ಡಿಸೆಂಬರ್ 3 ಕೂಡ ಹಾಗೇ. ಫೆಬ್ರುವರಿಯಲ್ಲಿ 28 ದಿನ ಇರುವ ವರ್ಷಗಳಲ್ಲಿ ಇನ್ನೂ ಮೂರು ಜೋಡಿ ಸೇರುತ್ತವೆ: ಜನವರಿ 7 ಮತ್ತು ಜುಲೈ 1, ಜನವರಿ 11 ಮತ್ತು ನವೆಂಬರ್ 1, ಫೆಬ್ರುವರಿ 8 ಮತ್ತು ಆಗಸ್ಟ್ 2. 2025ರಲ್ಲಿ ಫೆಬ್ರುವರಿ 8 ಶನಿವಾರ, ಆಗಸ್ಟ್ 2 ಕೂಡ ಶನಿವಾರ. ಈ ಜೋಡಿಗಳು ಸಿಕ್ಕಿದರೆ ವಾರ ನೋಡಿ 'ತಾಳೆಯಾಯಿತು' ಎಂದು ಖುಷಿಪಡಬೇಡಿ, ಅದು ಏನನ್ನೂ ಹೇಳುತ್ತಿಲ್ಲ.

ಪ್ರಯಾಣದ ಅವಧಿ ಮತ್ತು ಕಾರ್ಡ್ ಸ್ಟೇಟ್‌ಮೆಂಟ್

ಹತ್ತು ದಿನದ ಪ್ರವಾಸವಾದರೆ ಇಷ್ಟೆಲ್ಲ ಪಾಡು ಬೇಕಾಗಿಲ್ಲ. ಎರಡರಲ್ಲಿ ಒಂದು ತಾರೀಖಿನಂದು ನೀವು ಆ ದೇಶದಲ್ಲೇ ಇರಲಿಲ್ಲ, ಅದನ್ನು ಹೊಡೆದುಹಾಕಿ. ತೊಂದರೆ ಬರುವುದು ತಿಂಗಳುಗಟ್ಟಲೆ ಇದ್ದವರಿಗೆ. ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಟೊರಾಂಟೊದಲ್ಲಿದ್ದವರಿಗೆ ಫೆಬ್ರುವರಿ 3 ಮತ್ತು ಮಾರ್ಚ್ 2 ಎರಡೂ ಅವಧಿಯೊಳಗೇ ಇವೆ.

ಆಗ ಕಾರ್ಡ್ ಸ್ಟೇಟ್‌ಮೆಂಟ್ ತೆಗೆಯಿರಿ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ.

ಒಂದು, ಮೊತ್ತ. ಬಿಲ್ಲಿನಲ್ಲಿ 27.00 ಇದ್ದರೂ ಸ್ಟೇಟ್‌ಮೆಂಟಿನಲ್ಲಿ 27.00 ಹುಡುಕಿದರೆ ಸಿಗದಿರಬಹುದು. ಕೆನಡಾ, ಅಮೆರಿಕಗಳಲ್ಲಿ ಟಿಪ್ಸನ್ನು ಸ್ವೈಪ್ ಮೆಷೀನಿನಲ್ಲಿ ಸೇರಿಸುತ್ತಾರೆ. 15% ಅಂದರೆ 4.05, ಒಟ್ಟು 31.05. ಹುಡುಕಬೇಕಾದದ್ದು 31.05.

ಎರಡು, ದಿನ. ಫೆಬ್ರುವರಿಯಲ್ಲಿ ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಫೆಬ್ರುವರಿ 3ರ ರಾತ್ರಿ 8:15 ಅಂದರೆ ಇಲ್ಲಿ ಫೆಬ್ರುವರಿ 4ರ ಬೆಳಗ್ಗೆ 6:45. ಹಾಗಾಗಿ ಭಾರತದ ಬ್ಯಾಂಕಿನ ಮೆಸೇಜಿನಲ್ಲಿ, ಸ್ಟೇಟ್‌ಮೆಂಟಿನಲ್ಲಿ 04/02/2025 ಎಂದು ಬರಬಹುದು. ಅಂಗಡಿಯವನು ಹಣ ವಸೂಲಿಗೆ ಕಳಿಸಿದ ದಿನವನ್ನು ಬ್ಯಾಂಕು ಹಾಕಿದರೆ ಇನ್ನೂ ಒಂದೆರಡು ದಿನ ಮುಂದೆ ಹೋಗುತ್ತದೆ.

ಇಲ್ಲೇ ಜನ ಸಿಕ್ಕಿಬೀಳುವುದು. ಬಿಲ್ಲಿನಲ್ಲಿ 02/03, ಸ್ಟೇಟ್‌ಮೆಂಟಿನಲ್ಲಿ 04/02. ಅಂಕಿಗೆ ಅಂಕಿ ಹೊಂದಿಸಲು ಹೋದರೆ 'ಇದು ಬೇರೆ ಖರ್ಚು' ಅನ್ನಿಸುತ್ತದೆ. ಬ್ಯಾಂಕಿನದು ನಮ್ಮ ಕ್ರಮ, ಅಂದರೆ ಫೆಬ್ರುವರಿ 4. ಬಿಲ್ಲಿನ ಎರಡು ತಾರೀಖುಗಳ ಪೈಕಿ ಯಾವುದು ಬ್ಯಾಂಕಿನ ತಾರೀಖಿನ ದಿನವೇ ಅಥವಾ ಅದಕ್ಕೆ ಒಂದರಿಂದ ಮೂರು ದಿನ ಹಿಂದೆ ಬೀಳುತ್ತದೆ ಎಂದು ಕೇಳಿಕೊಳ್ಳಿ. ಫೆಬ್ರುವರಿ 3 ಬೀಳುತ್ತದೆ. ಮಾರ್ಚ್ 2 ಬ್ಯಾಂಕಿನ ತಾರೀಖು ಆದಮೇಲೆ ಬರುತ್ತದೆ. ಊಟ ಮಾಡುವ ಮೊದಲೇ ದುಡ್ಡು ಕಟ್ ಆಗುವುದುಂಟೇ? ಲಾಡ್ಜಿನ ಅಡ್ವಾನ್ಸಿಗೆ ಅದು ಉಂಟು, ರೆಸ್ಟೊರೆಂಟಿಗೆ ಇಲ್ಲ.

ಅಲ್ಲಿಗೆ ನಮ್ಮ ಬಿಲ್ಲಿನ ಲೆಕ್ಕ ತೀರಿತು. ತೆರಿಗೆ, ಕಾರ್ಡು ಎರಡೂ ಒಂದೇ ಮಾತು ಹೇಳುತ್ತಿವೆ: 2025ರ ಫೆಬ್ರುವರಿ 3, ಸೋಮವಾರ. ನನ್ನ ಮಟ್ಟಿಗೆ ದೇಶದ ರೂಢಿ ಬಿಟ್ಟು ಇನ್ನೊಂದು ಸಾಕ್ಷಿ ಇದ್ದರೆ ಸಾಕು, ಎರಡು ಸಿಕ್ಕಿದರೆ ಆರಾಮು.

ನಗದು ಕೊಟ್ಟಿದ್ದರೆ ಸ್ಟೇಟ್‌ಮೆಂಟ್ ಇರುವುದಿಲ್ಲ. ಆವತ್ತು ರಾತ್ರಿ ಅಲ್ಲಿಂದ ವಾಪಸ್ ಬಂದ ಕ್ಯಾಬಿನ ಮೇಲು, ಊಟದ ಫೋಟೊ, ಟೇಬಲ್ ಬುಕ್ ಮಾಡಿದ ಮೆಸೇಜು, ಇವುಗಳಲ್ಲಿ ಒಂದಾದರೂ ಫೋನಿನಲ್ಲಿ ಇರುತ್ತದೆ. ಏನೂ ಸಿಗದಿದ್ದರೆ ಕ್ಲೇಮಿನ ರಿಮಾರ್ಕ್ಸ್ ಜಾಗದಲ್ಲಿ 'ಫೆಬ್ರುವರಿ 3 ಅಥವಾ ಮಾರ್ಚ್ 2, ಬಿಲ್ಲಿನಿಂದ ಸ್ಪಷ್ಟವಿಲ್ಲ' ಎಂದು ನೇರವಾಗಿ ಬರೆಯಿರಿ. ಪರಿಶೀಲಿಸುವವರಿಗೆ ಸುಮ್ನೆ ಊಹಿಸಿ ಹಾಕಿದ ತಾರೀಖಿಗಿಂತ ಇದು ಎಷ್ಟೋ ವಾಸಿ.

ಎಕ್ಸೆಲ್ ಸದ್ದಿಲ್ಲದೆ ಮಾಡುವ ಕೆಲಸ

ಬಿಲ್ಲನ್ನು ಸರಿಯಾಗಿ ಓದಿದಿರಿ. ಆದರೂ ಕ್ಲೇಮಿನಲ್ಲಿ ತಪ್ಪು ತಾರೀಖು ಬರಬಹುದು. ಅಮೆರಿಕದ ಯಾವುದೋ ಆ್ಯಪಿನಿಂದ ಖರ್ಚಿನ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದಿರಿ ಅನ್ನಿ. ಒಳಗೆ ಹೀಗಿದೆ:

```
02/03/2025
02/11/2025
02/14/2025
```

ಮೂರೂ ಫೆಬ್ರುವರಿಯವು. ನಿಮ್ಮ ಕಂಪ್ಯೂಟರ್ ಭಾರತದ ಸೆಟ್ಟಿಂಗಿನಲ್ಲಿದ್ದರೆ ಎಕ್ಸೆಲ್ ಮೊದಲನೆಯದನ್ನು ಮಾರ್ಚ್ 2 ಮಾಡುತ್ತದೆ, ಎರಡನೆಯದನ್ನು ನವೆಂಬರ್ 2 ಮಾಡುತ್ತದೆ. ಮೂರನೆಯದರಲ್ಲಿ 14ನೇ ತಿಂಗಳು ಸಿಗದೆ ಅದನ್ನು ಬರೀ ಅಕ್ಷರ ಎಂದು ಹಾಗೇ ಬಿಡುತ್ತದೆ. ಯಾವ ಎಚ್ಚರಿಕೆಯೂ ಇಲ್ಲ.

ಪತ್ತೆ ಹಚ್ಚುವುದು ಸುಲಭ. ಕಾಲಮ್ಮನ್ನು ಅಗಲ ಮಾಡಿ ನೋಡಿ. ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಅನಾಹುತ ಆಗಿದೆ ಎಂದೇ ಅರ್ಥ. ಎಡದವು ಅಕ್ಷರವಾಗಿ ಉಳಿದವು, ನೋಡಲು ಕೆಟ್ಟಿದ್ದರೂ ಅವೇ ಸಾಚಾ. ಬಲದವು ನೋಡಲು ನೀಟಾಗಿದ್ದರೂ ತಿರುಗಿಹೋಗಿರುವುದು ಅವೇ. ಜನ ಎಡದವನ್ನು ಮಾತ್ರ ಕೈಯಲ್ಲಿ ಸರಿಮಾಡಿ ಕಳಿಸುತ್ತಾರೆ, ಅಲ್ಲೇ ಎಡವಟ್ಟು.

ಆ ಶೀಟನ್ನು ಸೇವ್ ಮಾಡದೆ ಮುಚ್ಚಿ. ಖಾಲಿ ಎಕ್ಸೆಲ್ ತೆರೆದು Data ಮೆನುವಿನ From Text/CSV ಮೂಲಕ ಫೈಲನ್ನು ಆರಿಸಿ, Transform Data ಒತ್ತಿ. ಬಲಗಡೆಯ ಪಟ್ಟಿಯಲ್ಲಿ Changed Type ಎಂಬ ಹೆಜ್ಜೆ ತಾನಾಗೇ ಸೇರಿಕೊಂಡಿದ್ದರೆ ಅದನ್ನು ಅಳಿಸಿ. ಆಮೇಲೆ ತಾರೀಖಿನ ಕಾಲಮ್ಮಿನ ಮೇಲೆ ರೈಟ್ ಕ್ಲಿಕ್, Change Type, Using Locale. ಅಲ್ಲಿ Date ಮತ್ತು English (United States) ಆರಿಸಿ. ಗೂಗಲ್ ಶೀಟ್ಸ್ ಬಳಸುವವರು ಫೈಲು ಒಳಗೆ ತರುವ ಮೊದಲೇ File, Settings, Locale ಜಾಗದಲ್ಲಿ United States ಹಾಕಿಕೊಂಡರೆ ಸರಿ.

ಮೂಲ ಫೈಲು ಕಳೆದುಹೋಗಿ ತಿರುಗಿದ ಶೀಟು ಮಾತ್ರ ಕೈಯಲ್ಲಿದ್ದರೆ ಈ ಸೂತ್ರ:

```
=IF(ISNUMBER(A2),DATE(YEAR(A2),DAY(A2),MONTH(A2)),DATE(RIGHT(A2,4),LEFT(A2,2),MID(A2,4,2)))
```

ಇದು ನಡೆಯುವುದು ಆ ಕಾಲಮ್ಮಿನ ಎಲ್ಲ ತಾರೀಖೂ ಮೊದಲು ಅಮೆರಿಕದ ಕ್ರಮದಲ್ಲಿದ್ದು, ಎಲ್ಲವೂ 02/14/2025ರ ಹಾಗೆ ಎರಡು, ಎರಡು, ನಾಲ್ಕು ಅಂಕಿಯಲ್ಲಿದ್ದರೆ ಮಾತ್ರ. ನಡುವೆ ನೀವು ಒಂದೆರಡನ್ನು ಕೈಯಲ್ಲಿ ತಿದ್ದಿದ್ದರೆ ಅವು ಮತ್ತೆ ತಿರುಗಿಹೋಗುತ್ತವೆ.

ನೀವೇ ಟೈಪ್ ಮಾಡುವಾಗ 2025-02-03 ಎಂದು ವರ್ಷದಿಂದ ಶುರು ಮಾಡಿ. ಎಕ್ಸೆಲ್ ಭಾರತದ ಸೆಟ್ಟಿಂಗಿನಲ್ಲಿರಲಿ, ಅಮೆರಿಕದ್ದರಲ್ಲಿರಲಿ, ಅದನ್ನು ಫೆಬ್ರುವರಿ 3 ಎಂದೇ ತೆಗೆದುಕೊಳ್ಳುತ್ತದೆ. ಸೆಲ್ಲಿನ ಫಾರ್ಮ್ಯಾಟನ್ನು `dd-mmm-yyyy` ಮಾಡಿದರೆ ತಿಂಗಳು ಅಕ್ಷರದಲ್ಲಿ ಕಾಣುತ್ತದೆ, ತಪ್ಪಿದ್ದರೆ ಅಲ್ಲೇ ಕಣ್ಣಿಗೆ ಹೊಡೆಯುತ್ತದೆ.

ಬಿಲ್ಲು ಕೈಗೆ ಬಂದ ಕ್ಷಣ

ನಿಜ ಹೇಳಬೇಕೆಂದರೆ ಮೇಲಿನ ಪತ್ತೇದಾರಿ ಎಲ್ಲ ಬೇಕಾಗುವುದು ಬಿಲ್ಲನ್ನು ಮೂರು ತಿಂಗಳು ಪರ್ಸಿನಲ್ಲಿ ಇಟ್ಟುಕೊಂಡವರಿಗೆ. ಅಂಗಡಿಯಿಂದ ಹೊರಗೆ ಬರುವಾಗ ಆವತ್ತು ಯಾವ ದಿನ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲೇ ಬಿಲ್ಲಿನ ಖಾಲಿ ಅಂಚಿನಲ್ಲಿ ಪೆನ್ಸಿಲಿನಿಂದ '3 ಫೆಬ್ರುವರಿ' ಎಂದು ಬರೆಯಿರಿ. ಅಚ್ಚಾದ ತಾರೀಖಿನ ಮೇಲೆ ಗೀಚಬೇಡಿ, ತಿದ್ದಿದ ಬಿಲ್ಲು ಎಂದು ಆಡಿಟ್‌ನವರು ಪಕ್ಕಕ್ಕೆ ಇಡುತ್ತಾರೆ.

ಫೋಟೊವನ್ನೂ ಆವತ್ತೇ ತೆಗೆಯಿರಿ. ಈ ಕಾಗದದ ಅಚ್ಚು ಬಿಸಿಗೆ ಮೂಡುವಂಥದ್ದು, ಬಿಸಿಲಿಗೆ ಬಿದ್ದರೆ ಅಥವಾ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ಬರೀ ಮೊತ್ತದ ಜಾಗವನ್ನು ಹತ್ತಿರದಿಂದ ತೆಗೆಯುವವರೇ ಜಾಸ್ತಿ. ಅಂಗಡಿಯ ವಿಳಾಸ, ತೆರಿಗೆಯ ಸಾಲು, ಕೆಳಗಿನ ಕಾರ್ಡಿನ ವಿವರ ಎಲ್ಲ ಒಂದೇ ಚಿತ್ರದಲ್ಲಿ ಬರಬೇಕು. ಫೈಲಿನ ಹೆಸರು ಹೀಗಿರಲಿ:

```
2025-02-03_toronto_dinner_CAD31.05.jpg
```

ಹೆಸರಿನ ಪ್ರಕಾರ ಜೋಡಿಸಿದರೆ ಬಿಲ್ಲುಗಳು ತಾರೀಖಿನ ಕ್ರಮದಲ್ಲೇ ಬಂದು ಕೂರುತ್ತವೆ, ಕಾರ್ಡ್ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬಹುದು.